ಟೋಟ್ ಲೆಕ್ಕ: ಪೂಲಿಗೆ ಬಿದ್ದ ದುಡ್ಡು ಡಿವಿಡೆಂಡ್ ಆಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಬಹುತೇಕ ಉತ್ತರಗಳಲ್ಲಿ ಒಂದೇ ಓಟ ಮತ್ತೆ ಮತ್ತೆ ಬರುತ್ತದೆ. ಅದು ಲೆಕ್ಕಕ್ಕಾಗಿ ಕಟ್ಟಿದ ಓಟ: ಆರು ಕುದುರೆಗಳು, ದುಂಡು ಮೊತ್ತಗಳು. ಹಣವನ್ನು ಯೂನಿಟ್ ಎಂದಷ್ಟೇ ಕರೆದಿದ್ದೇವೆ, ಏಕೆಂದರೆ ಯಾವ ದೇಶದ ದುಡ್ಡಾದರೂ ಲೆಕ್ಕ ಬದಲಾಗುವುದಿಲ್ಲ. ಡಿವಿಡೆಂಡ್ ಎಂದಲ್ಲೆಲ್ಲ ಒಂದು ಯೂನಿಟ್ ಪಣಕ್ಕೆ ಕೈಗೆ ಬರುವ ಒಟ್ಟು ಹಣ ಎಂದರ್ಥ. ಕಟ್ಟಿದ ಪಣವೂ ಅದರೊಳಗೇ ಇದೆ.

ಟೋಟ್‌ನಲ್ಲಿ ಬಾಜಿ ಕಟ್ಟಿದರೆ ನಾನು ಯಾರ ವಿರುದ್ಧ ಆಡುತ್ತಿದ್ದೇನೆ?

ಅದೇ ಪೂಲಿಗೆ ಹಣ ಹಾಕಿದ ಉಳಿದವರ ವಿರುದ್ಧ. ಬುಕ್ಕಿ ಒಂದು ದರ ಹೇಳಿದರೆ ಅದು ಅವನಿಗೂ ನಿಮಗೂ ನಡುವಿನ ಒಪ್ಪಂದ. ಕುದುರೆ ಗೆದ್ದರೆ ಅವನು ತನ್ನ ಜೇಬಿನಿಂದ ಕೊಡಬೇಕು. ಟೋಟ್ ಹಾಗಲ್ಲ. ಎಲ್ಲರ ಪಣವನ್ನೂ ಒಂದೆಡೆ ಗುಡ್ಡೆ ಹಾಕಿ, ನಡೆಸುವವರ ಪಾಲನ್ನು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚುತ್ತದೆ. ಯಾವ ಕುದುರೆ ಗೆದ್ದರೂ ನಡೆಸುವವರಿಗೆ ಸಿಗುವ ಪಾಲು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಟಿಕೆಟ್ ಕೊಳ್ಳುವಾಗ ಬೋರ್ಡ್ ಮೇಲೆ ಕಾಣುವ ದರ ಬರೀ ಅಂದಾಜು, ಯಾರೂ ಕೊಟ್ಟ ಮಾತಲ್ಲ.

ಈ ಪದ್ಧತಿಯನ್ನು 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರೂಪಿಸಿದವನು ಜೋಸೆಫ್ ಓಲೆ. 'ಪಾರಿ ಮ್ಯೂಚುಯೆಲ್' ಎಂಬ ಫ್ರೆಂಚ್ ಹೆಸರಿಗೆ 'ಪರಸ್ಪರ ಬಾಜಿ' ಎಂದಷ್ಟೇ ಅರ್ಥ. ಕೂಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದವನು ಜಾರ್ಜ್ ಜೂಲಿಯಸ್. ಮತ ಎಣಿಕೆಗೆಂದು ಯೋಚಿಸಿದ್ದ ಯಂತ್ರವನ್ನೇ ತಿರುಗಿಸಿ ಅವನು ಮಾಡಿದ ಟೋಟಲೈಸೇಟರ್ 1913ರಲ್ಲಿ ಆಕ್ಲೆಂಡ್‌ನ ಎಲ್ಲರ್ಸ್ಲಿ ರೇಸ್‌ಕೋರ್ಸ್‌ನಲ್ಲಿ ಕೆಲಸ ಶುರು ಮಾಡಿತು. 'ಟೋಟ್' ಆ ಉದ್ದ ಹೆಸರಿನ ಮೋಟು ರೂಪ.

ವಿನ್ ಪೂಲ್‌ನ ಡಿವಿಡೆಂಡ್ ಕಟ್ಟುವ ಕ್ರಮವೇನು?

ನಾಲ್ಕು ಹೆಜ್ಜೆ, ಕ್ರಮ ತಪ್ಪಬಾರದು. ಮೊದಲು ಪೂಲಿಗೆ ಬಿದ್ದ ಹಣವನ್ನೆಲ್ಲ ಕೂಡಿ, ವಾಪಸ್ ಕೊಡಬೇಕಾದದ್ದನ್ನು ಕಳೆಯಬೇಕು. ಅದರಿಂದ ಟೇಕ್‌ಔಟ್, ಅಂದರೆ ನಡೆಸುವವರ ಕಡಿತ, ತೆಗೆಯಬೇಕು. ಉಳಿದ ನಿವ್ವಳ ಪೂಲನ್ನು ಗೆದ್ದ ಕುದುರೆಯ ಮೇಲಿದ್ದ ಹಣದಿಂದ ಭಾಗಿಸಬೇಕು. ಕೊನೆಗೆ ಬಂದ ಅಂಕಿಯನ್ನು ನಿಯಮದಲ್ಲಿ ಹೇಳಿದ ಹಂತಕ್ಕೆ ಕೆಳಗಿಳಿಸಬೇಕು.

```
ನಿವ್ವಳ = (ಒಟ್ಟು − ವಾಪಸಾತಿ) × (1 − ಕಡಿತ)
ಡಿವಿಡೆಂಡ್ = ನಿವ್ವಳ ÷ ಗೆದ್ದ ಕುದುರೆಯ ಮೇಲಿನ ಹಣ
```

ನಮ್ಮ ಓಟದ ವಿನ್ ಪೂಲಿಗೆ 1,00,000 ಯೂನಿಟ್ ಬಿದ್ದಿದೆ, ಕಡಿತ 18% ಎನ್ನೋಣ. ಹಂಚಲು ಉಳಿಯುವುದು 82,000. ಅಂಕಿಯನ್ನು 0.10ರ ಹಂತಕ್ಕೆ ಇಳಿಸುವುದು ನಿಯಮ.

| ಕುದುರೆ | ಮೇಲಿರುವ ಹಣ | ಭಾಗಿಸಿದಾಗ | ಕೊಡುವ ಡಿವಿಡೆಂಡ್ |
|---|---|---|---|
| 1 | 38,000 | 2.157 | 2.10 |
| 2 | 22,000 | 3.727 | 3.70 |
| 3 | 15,000 | 5.466 | 5.40 |
| 4 | 12,000 | 6.833 | 6.80 |
| 5 | 8,000 | 10.25 | 10.20 |
| 6 | 5,000 | 16.40 | 16.40 |

ಕುದುರೆಯ ತಾಕತ್ತು, ಜಾಕಿ, ಹೊತ್ತ ತೂಕ ಯಾವುದೂ ಈ ಲೆಕ್ಕದೊಳಗೆ ಇಲ್ಲ. ಅವೆಲ್ಲ ಜನರ ತಲೆಯೊಳಗಿಂದ ಹಣದ ರೂಪದಲ್ಲಿ ಬಂದು ಎರಡನೇ ಕಾಲಮ್ಮಿನಲ್ಲಿ ಕೂತಿವೆ.

ಕೊನೆಯ ಚಿಲ್ಲರೆ ಎಲ್ಲಿ ಹೋಗುತ್ತದೆ?

2.157 ಬಂದದ್ದನ್ನು 2.10 ಮಾಡಿದಾಗ ಉಳಿಯುವ ಚಿಲ್ಲರೆಗೆ ಬ್ರೇಕೇಜ್ ಎನ್ನುತ್ತಾರೆ. ಕೌಂಟರ್‌ನಲ್ಲಿ ಕೈಯಿಂದ ನಾಣ್ಯ ಎಣಿಸಿ ಕೊಡುತ್ತಿದ್ದ ಕಾಲದಲ್ಲಿ ಸರದಿ ಬೇಗ ಸಾಗಲಿ ಎಂದು ಬಂದ ರೂಢಿ ಇದು. ನಾಣ್ಯ ಎಣಿಸುವ ಕೆಲಸ ಹೋಯಿತು, ಚಿಲ್ಲರೆ ಉದುರಿಸುವುದು ಮಾತ್ರ ಬಹಳ ಕಡೆ ಉಳಿಯಿತು. ಆ ಹಣ ನಿಯಮಕ್ಕೆ ತಕ್ಕಂತೆ ನಡೆಸುವವರಿಗೋ ಸರ್ಕಾರಕ್ಕೋ ರೇಸಿಂಗ್ ನಿಧಿಗೋ ಸೇರುತ್ತದೆ.

ಇದು ಸಣ್ಣ ಮೊತ್ತವೆನ್ನುವವರು ಫೇವರಿಟ್ ಗೆದ್ದ ದಿನದ ಲೆಕ್ಕ ಮಾಡಿ ನೋಡಬೇಕು. 1ನೇ ಕುದುರೆ ಗೆದ್ದರೆ 38,000 × 2.10 = 79,800 ಮಾತ್ರ ಹೊರಗೆ ಹೋಗುತ್ತದೆ. ಹಂಚಲೆಂದು ಇಟ್ಟದ್ದು 82,000. ಚಿಲ್ಲರೆಯಲ್ಲೇ 2,200 ಉಳಿಯಿತು. 18% ಎಂದು ಬರೆದಿದ್ದ ಕಡಿತ ನಿಜದಲ್ಲಿ 20.2% ಆಯಿತು. ಗೆದ್ದವರ ಕಡೆಯಿಂದ ನೋಡಿದರೆ 1.157 ಲಾಭ ಬರಬೇಕಿದ್ದಲ್ಲಿ 1.10 ಬಂತು, ಅಂದರೆ ಲಾಭದ ಸುಮಾರು 5% ಹೋಯಿತು. 5ನೇ ಕುದುರೆ ಗೆದ್ದಿದ್ದರೆ 9.25ರ ಲಾಭ 9.20 ಆಗುತ್ತಿತ್ತು, ನಷ್ಟ ಅರ್ಧ ಶೇಕಡಾ ಆಸುಪಾಸು. ಚಿಲ್ಲರೆಯ ಹೊಡೆತ ಬೀಳುವುದು ಯಾವಾಗಲೂ ಫೇವರಿಟ್‌ಗಳನ್ನೇ ನೆಚ್ಚಿಕೊಂಡವರ ಮೇಲೆ.

ಅಮೆರಿಕದ ಕೆಂಟಕಿ ರಾಜ್ಯ 2022ರಲ್ಲಿ ಕಾನೂನು ಬದಲಿಸಿ, ಹತ್ತು ಸೆಂಟಿನ ಬದಲು ಒಂದು ಸೆಂಟಿನವರೆಗೂ ಲೆಕ್ಕ ಹಾಕಿ ಕೊಡಬೇಕೆಂದಿತು. ನಮ್ಮ ಓಟಕ್ಕೆ ಆ ನಿಯಮ ಹಾಕಿದರೆ 1ನೇ ಕುದುರೆಗೆ 2.15 ಸಿಗುತ್ತದೆ, ಉಳಿಯುವ ಚಿಲ್ಲರೆ 2,200ರಿಂದ 300ಕ್ಕೆ ಇಳಿಯುತ್ತದೆ.

ಕಡಿತ ಎಷ್ಟೆಂದು ಬೋರ್ಡ್ ನೋಡಿಯೇ ಕಂಡುಹಿಡಿಯಬಹುದೇ?

ಬಹುದು. ಪ್ರತಿ ಕುದುರೆಯ ವಿನ್ ಡಿವಿಡೆಂಡ್‌ನಿಂದ 1ನ್ನು ಭಾಗಿಸಿ, ಬಂದದ್ದನ್ನೆಲ್ಲ ಕೂಡಿ. ಮೇಲಿನ ಆರು ಡಿವಿಡೆಂಡ್‌ಗಳಿಗೆ ಮೊತ್ತ ಸುಮಾರು 1.238 ಬರುತ್ತದೆ. ಈಗ 1ನ್ನು 1.238ರಿಂದ ಭಾಗಿಸಿದರೆ 0.808. ಎಂದರೆ ನೂರಕ್ಕೆ ಸುಮಾರು 81 ಮಾತ್ರ ವಾಪಸ್, 19ಕ್ಕೂ ಸ್ವಲ್ಪ ಹೆಚ್ಚು ಕಡಿತ. 18ಕ್ಕಿಂತ ಹೆಚ್ಚು ಕಂಡದ್ದೇಕೆಂದರೆ ಬೋರ್ಡಿನ ಅಂಕಿಗಳಲ್ಲಿ ಚಿಲ್ಲರೆ ಆಗಲೇ ಉದುರಿದೆ. ಲಾಭವನ್ನು ಮಾತ್ರ ತೋರಿಸುವ ಬೋರ್ಡ್ ಆದರೆ, ಭಾಗಿಸುವ ಮೊದಲು ಪ್ರತಿ ಅಂಕಿಗೂ 1 ಸೇರಿಸಿಕೊಳ್ಳಿ.

ಕಡಿತ ಸಾಮಾನ್ಯವಾಗಿ ಎಷ್ಟಿರುತ್ತದೆ? ಎಲ್ಲ ಬಾಜಿಗೂ ಒಂದೇನಾ?

ಒಂದೇ ಅಲ್ಲ. ಬಾಜಿ ಕಷ್ಟವಾದಷ್ಟೂ ಕಡಿತ ಏರುತ್ತದೆ. ಹಾಂಗ್‌ಕಾಂಗ್‌ನಲ್ಲಿ ವಿನ್, ಪ್ಲೇಸ್ ಪೂಲ್‌ಗಳಿಂದ 17.5% ತೆಗೆಯುತ್ತಾರೆ. ಜಪಾನಿನ ಕೇಂದ್ರ ರೇಸಿಂಗ್ ಸಂಸ್ಥೆಯಲ್ಲಿ ವಿನ್, ಪ್ಲೇಸ್‌ಗೆ 20%, ಮೊದಲ ಮೂರು ಸ್ಥಾನಗಳನ್ನು ಕ್ರಮವಾಗಿ ಹೇಳಬೇಕಾದ ಬಾಜಿಗೆ 27.5%, ಐದು ಓಟಗಳ ವಿಜೇತರನ್ನು ಸಾಲಾಗಿ ಹೇಳಬೇಕಾದದ್ದಕ್ಕೆ 30%. ಈ ಹಣದಿಂದಲೇ ಬಹುಮಾನ ಮೊತ್ತ, ಮೈದಾನದ ಖರ್ಚು, ತೆರಿಗೆ ಎಲ್ಲ ನಡೆಯುತ್ತವೆ.

ಒಂದೇ ಟಿಕೆಟ್‌ಗೆ 18% ದೊಡ್ಡದೆನಿಸದಿರಬಹುದು. ಆದರೆ ಬಂದದ್ದನ್ನೇ ಮುಂದಿನ ಓಟಕ್ಕೆ ಹಾಕುತ್ತ ಹೋದರೆ ಕಡಿತದ ಮೇಲೆ ಕಡಿತ ಬೀಳುತ್ತದೆ. ಉಳಿದವರಿಗಿಂತ ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ ಜಾಣ್ಮೆಯ ಒಂದು ಗುಂಪು 100 ಯೂನಿಟ್‌ನಿಂದ ಶುರು ಮಾಡಿ, ಕೈಯಲ್ಲಿದ್ದುದನ್ನೆಲ್ಲ ಎಂಟು ಓಟಗಳಿಗೂ ಹೂಡುತ್ತ ಬಂದರೆ ಸರಾಸರಿ ಉಳಿಯುವುದು ಸುಮಾರು 20. ಚಿಲ್ಲರೆಯ ನಷ್ಟ ಇದರಲ್ಲಿ ಇನ್ನೂ ಸೇರಿಲ್ಲ.

ಪ್ಲೇಸ್ ಡಿವಿಡೆಂಡ್ ನನ್ನ ಅಂದಾಜಿಗೆ ಯಾವತ್ತೂ ಸರಿಹೊಂದುವುದಿಲ್ಲ. ಏಕೆ?

ಪ್ಲೇಸ್ ಪೂಲ್‌ನಲ್ಲಿ ಗೆಲ್ಲುವ ಕುದುರೆ ಒಂದಲ್ಲ. ಹಣವನ್ನು ಅವುಗಳ ನಡುವೆ ಹೇಗೆ ಹಂಚಬೇಕೆಂಬುದಕ್ಕೆ ಎರಡು ಪದ್ಧತಿಗಳಿವೆ. ನಿಮ್ಮ ರೇಸ್‌ಕೋರ್ಸ್ ಯಾವುದನ್ನು ಹಿಡಿದಿದೆ ಎಂದು ಗೊತ್ತಿಲ್ಲದೆ ಲೆಕ್ಕ ಕೂಡುವುದಿಲ್ಲ.

ನಮ್ಮ ಓಟದಲ್ಲಿ ಮೊದಲ ಎರಡು ಸ್ಥಾನಕ್ಕೆ ಪ್ಲೇಸ್ ಹಣ ಎನ್ನೋಣ. ಪ್ಲೇಸ್ ಪೂಲ್ ಒಟ್ಟು 60,000: 1ರ ಮೇಲೆ 30,000, 2ರ ಮೇಲೆ 12,000, 3ರ ಮೇಲೆ 8,000, 4ರ ಮೇಲೆ 5,000, 5ರ ಮೇಲೆ 3,000, 6ರ ಮೇಲೆ 2,000. ಅದೇ 18% ಕಡಿತ ಹೋಗಿ ನಿವ್ವಳ 49,200. ಫಲಿತಾಂಶದಲ್ಲಿ 1 ಮೊದಲು, 4 ಎರಡನೆಯದು.

ಮೊದಲನೆಯದು ಲಾಭ ಹಂಚುವ ಪದ್ಧತಿ, ಅಮೆರಿಕದಲ್ಲಿ ನಡೆಯುವುದು. ನಿವ್ವಳದಿಂದ ಗೆದ್ದ ಎರಡೂ ಕುದುರೆಗಳ ಪಣವನ್ನು ಮೊದಲು ಬದಿಗಿಡುತ್ತಾರೆ: 49,200ರಲ್ಲಿ 35,000 ಹೋಗಿ 14,200 ಉಳಿಯಿತು. ಇದು ಲಾಭ. ಇದನ್ನು ಎರಡು ಸಮಪಾಲು ಮಾಡಿದರೆ ತಲಾ 7,100. 1ನೇ ಕುದುರೆಯ ಪಾಲು 30,000 ಯೂನಿಟ್ ಟಿಕೆಟ್‌ಗಳ ಮೇಲೆ ಹರಡಿ ಯೂನಿಟ್‌ಗೆ 0.236 ಆಗುತ್ತದೆ. ಪಣದ 1 ಸೇರಿಸಿ ಚಿಲ್ಲರೆ ಬಿಟ್ಟರೆ 1.20. 4ನೇ ಕುದುರೆಯ ಪಾಲು 5,000ದ ಮೇಲೆ ಹರಡಿ 1.42, ಪಣ ಸೇರಿ 2.42, ಕೊಡುವುದು 2.40.

ಎರಡನೆಯದು ನಿವ್ವಳವನ್ನೇ ಸಮಪಾಲು ಮಾಡುವ ಪದ್ಧತಿ. 49,200ರ ಅರ್ಧ, ಅಂದರೆ 24,600, ಪ್ರತಿ ಕುದುರೆಗೆ. 4ನೇ ಕುದುರೆಗೆ 24,600 ÷ 5,000 = 4.92, ಕೊಡುವುದು 4.90. ಅದೇ ಓಟ, ಅದೇ ಹಣ, ಡಿವಿಡೆಂಡ್ ಮಾತ್ರ ಎರಡು ಪಟ್ಟಿಗೂ ಹೆಚ್ಚು. ಇನ್ನು 1ನೇ ಕುದುರೆಗೆ 24,600 ÷ 30,000 = 0.82. ಗೆದ್ದವನಿಗೆ ಹಾಕಿದ ಪಣವೂ ಪೂರ್ತಿ ಬರುವುದಿಲ್ಲ! ಇಂಥ ಸಂದರ್ಭಕ್ಕೆಂದೇ ಕನಿಷ್ಠ ಡಿವಿಡೆಂಡ್ ಎಂಬ ನಿಯಮ ಇರುತ್ತದೆ. ಕನಿಷ್ಠ 1.00 ಎಂದಿದ್ದರೆ 30,000 ಕೊಡಬೇಕು, 5,400 ಕೊರತೆ. ಈ ಕೊರತೆಯನ್ನು 4ನೇ ಕುದುರೆಯ ಪಾಲಿನಿಂದ ತುಂಬಬೇಕೆಂದು ನಿಯಮ ಹೇಳಿದರೆ ಅದರ ಪಾಲು 19,200ಕ್ಕೆ ಇಳಿದು ಡಿವಿಡೆಂಡ್ 3.80 ಆಗುತ್ತದೆ. ನಡೆಸುವವರೇ ತುಂಬಬೇಕೆಂದಿದ್ದರೆ 4.90 ಹಾಗೇ ನಿಲ್ಲುತ್ತದೆ.

ಈಗ ಫೇವರಿಟ್ ಸೋತು 4 ಮತ್ತು 5 ಬಂದವು ಎನ್ನೋಣ. ಲಾಭ ಹಂಚುವ ಪದ್ಧತಿಯಲ್ಲಿ ಬದಿಗಿಡಬೇಕಾದ ಪಣ 8,000 ಮಾತ್ರ. ಲಾಭ 41,200, ತಲಾ 20,600. 4ನೇ ಕುದುರೆಗೆ 5.12, ಕೊಡುವುದು 5.10. ಜೊತೆಗೆ ಬಂದ ಕುದುರೆ ಬದಲಾದದ್ದಕ್ಕೇ 2.40 ಇದ್ದದ್ದು 5.10 ಆಯಿತು. ಸಮಪಾಲು ಪದ್ಧತಿಯಲ್ಲಿ 4ನೇ ಕುದುರೆಗೆ ಯಾರ ಜೊತೆ ಬಂದರೂ 4.90ಯೇ, ಕೊರತೆ ತುಂಬುವ ಮಾತು ಬರದಿದ್ದರೆ. ಹಾಗಾಗಿ ಲಾಭ ಹಂಚುವ ಕಡೆ ಓಟಕ್ಕೆ ಮೊದಲು ಪ್ಲೇಸ್‌ಗೆ ಒಂದೇ ಅಂಕಿ ತೋರಿಸುವುದು ಸಾಧ್ಯವಿಲ್ಲ. ಕೆಲವು ಬೋರ್ಡ್‌ಗಳು ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಎರಡು ಅಂಕಿ ಕೊಡುತ್ತವೆ, ಕೆಲವು ಬರೀ ಪೂಲ್‌ನ ಹಣ ತೋರಿಸಿ ಸುಮ್ಮನಾಗುತ್ತವೆ.

ಲಾಭ ಹಂಚುವ ಕಡೆ ಪ್ಲೇಸ್ ಆಡುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ 'ನನ್ನ ಕುದುರೆ ಬರುತ್ತದೆಯೇ' ಅಲ್ಲ, 'ಫೇವರಿಟ್ ಜೊತೆಗೆ ಬಂದರೆ ನನಗೆ ಏನು ಉಳಿಯುತ್ತದೆ' ಎಂಬುದು.

ಒಂದೇ ಕುದುರೆಗೆ ಪ್ಲೇಸ್ ಡಿವಿಡೆಂಡ್ ವಿನ್‌ಗಿಂತ ಹೆಚ್ಚಾಗಬಹುದೇ?

ಆಗಬಹುದು. ವಿನ್ ಪೂಲ್ ಬೇರೆ, ಪ್ಲೇಸ್ ಪೂಲ್ ಬೇರೆ, ಒಂದರ ಹಣ ಇನ್ನೊಂದಕ್ಕೆ ಹೋಗುವುದಿಲ್ಲ. 1973ರ ಬೆಲ್ಮಾಂಟ್ ಸ್ಟೇಕ್ಸ್‌ನಲ್ಲಿ ಸೆಕ್ರೆಟೇರಿಯಟ್ 31 ಲೆಂಗ್ತ್ ಅಂತರದಿಂದ ಗೆದ್ದಾಗ 2 ಡಾಲರ್ ವಿನ್ ಟಿಕೆಟ್‌ಗೆ 2.20 ಸಿಕ್ಕಿತು, ಪ್ಲೇಸ್ ಟಿಕೆಟ್‌ಗೆ 2.40. ಗೆಲ್ಲುತ್ತದೆಂದು ಎಲ್ಲರೂ ವಿನ್‌ಗೇ ಮುಗಿಬಿದ್ದಿದ್ದರು. ಸುಲಭದ ಬಾಜಿಗೇ ಹೆಚ್ಚು ಹಣ ಬಂತು. ಅಂದು ಗೆದ್ದ 5,617 ಟಿಕೆಟ್‌ಗಳನ್ನು ಯಾರೂ ಹಣಕ್ಕೆ ಕೊಡಲೇ ಇಲ್ಲ. ಇಪ್ಪತ್ತು ಸೆಂಟ್ ಲಾಭಕ್ಕಿಂತ ಆ ಚೀಟಿಯೇ ಬೆಲೆಯದ್ದೆಂದು ಇಟ್ಟುಕೊಂಡವರು ಅವರಲ್ಲಿ ಬಹಳ ಮಂದಿ.

ಮೈನಸ್ ಪೂಲ್ ಎಂದರೇನು? ಆಗ ನಡೆಸುವವರಿಗೆ ನಿಜಕ್ಕೂ ನಷ್ಟವೇ?

ಗೆದ್ದವರಿಗೆ ಕನಿಷ್ಠ ಇಷ್ಟಾದರೂ ಕೊಡಬೇಕೆಂಬ ನಿಯಮವಿದ್ದು, ಅಷ್ಟು ಕೊಡಲು ನಿವ್ವಳ ಪೂಲ್ ಸಾಲದೆ ಹೋದರೆ ಅದು ಮೈನಸ್ ಪೂಲ್. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ 2 ಡಾಲರ್‌ಗೆ ಕನಿಷ್ಠ 2.10 ಕೊಡಬೇಕು, ಅಂದರೆ ಯೂನಿಟ್‌ಗೆ 1.05. ನಮ್ಮ 18% ಕಡಿತದ ವಿನ್ ಪೂಲಿಗೆ ಇದನ್ನು ಹಾಕಿದರೆ, ಒಂದೇ ಕುದುರೆಯ ಮೇಲೆ ಪೂಲ್‌ನ ಸುಮಾರು 78%ಕ್ಕಿಂತ ಹೆಚ್ಚು ಹಣವಿದ್ದು ಅದು ಗೆದ್ದರೆ ಪೂಲ್ ಮೈನಸ್ ಆಗುತ್ತದೆ.

ಮೈನಸ್ ಆದ ಕೂಡಲೇ ಜೇಬಿನಿಂದ ಹೋಯಿತೆಂದಲ್ಲ. ಮೊದಲು ಕರಗುವುದು ಕಡಿತದ ಹಣ. 60,000ದ ಪ್ಲೇಸ್ ಪೂಲ್‌ನಲ್ಲಿ 54,000 ಒಂದೇ ಕುದುರೆಯ ಮೇಲಿದೆ, ಅದರ ಜೊತೆ 1,500 ಇದ್ದ ಇನ್ನೊಂದು ಕುದುರೆ ಬಂತು ಎಂದುಕೊಳ್ಳಿ. ಎರಡಕ್ಕೂ 1.05ರಂತೆ 58,275 ಕೊಡಬೇಕು. ನಿವ್ವಳ ಇದ್ದದ್ದು 49,200, ಕೊರತೆ 9,075. ಆದರೆ ಕಡಿತವಾಗಿ 10,800 ಆಗಲೇ ತೆಗೆದಿಟ್ಟಿದ್ದಾರೆ. ಕೊರತೆ ತುಂಬಿದ ಮೇಲೂ 1,725 ಉಳಿಯಿತು. ತೆರಿಗೆಯನ್ನು ಒಟ್ಟು ಪೂಲ್ ಮೇಲೆ ಕಟ್ಟಬೇಕಾದ ಕಡೆ ಈ ಉಳಿಕೆಯೂ ಸಾಲದೆ ಹೋಗಬಹುದು. ಆದ್ದರಿಂದಲೇ ಭಾರೀ ಫೇವರಿಟ್ ಇರುವ, ಕುದುರೆಗಳು ಕಡಿಮೆ ಇರುವ ಓಟದಲ್ಲಿ ಪ್ಲೇಸ್ ಪೂಲನ್ನೇ ತೆರೆಯದಿರುವುದುಂಟು.

ಹಣ ಹಾಕಿದವರ ಕಡೆಯಿಂದ ಇದು ನೂರಕ್ಕೆ ಐದು ಖಚಿತ ಲಾಭದಂತೆ ಕಾಣುತ್ತದೆ. ಖಚಿತವಲ್ಲ. 1.05ರ ದರದಲ್ಲಿ 21 ಬಾರಿ ಆಡಿದರೆ 20 ಬಾರಿ ಗೆದ್ದರಷ್ಟೇ ಅಸಲು ಕೈಯಲ್ಲಿ ಉಳಿಯುತ್ತದೆ. ಇನ್ನೊಂದು ಕಡೆ, ಅಂಥ ಫೇವರಿಟ್ ಸ್ಥಾನ ತಪ್ಪಿದ ದಿನ ಉಳಿದ ಕುದುರೆಗಳ ಪ್ಲೇಸ್ ಡಿವಿಡೆಂಡ್ ವಿನ್ ಡಿವಿಡೆಂಡನ್ನೇ ನಾಚಿಸುವಷ್ಟು ಏರುತ್ತದೆ.

ಕುದುರೆಗಳು ಓಡಲು ಶುರು ಮಾಡಿದ ಮೇಲೂ ಬೋರ್ಡ್ ಬದಲಾಗುತ್ತದೆ. ಮೋಸ ಅಲ್ಲವೇ?

ಸಾಮಾನ್ಯವಾಗಿ ಅಲ್ಲ, ತಡವಾಗಿ ಬಂದ ಲೆಕ್ಕ. ಒಂದೇ ಪೂಲಿಗೆ ಹಣ ಮೈದಾನದ ಕೌಂಟರ್‌ಗಳಿಂದ, ಹೊರಗಿನ ಕೇಂದ್ರಗಳಿಂದ, ಆನ್‌ಲೈನ್ ಖಾತೆಗಳಿಂದ, ಕೆಲವೊಮ್ಮೆ ಬೇರೆ ದೇಶಗಳಿಂದಲೂ ಬರುತ್ತದೆ. ಗೇಟ್ ತೆರೆದಾಗ ಮಾರಾಟ ನಿಲ್ಲುತ್ತದೆ, ಆದರೆ ಎಲ್ಲ ಕಡೆಯ ಕೊನೆಯ ಮೊತ್ತಗಳು ಮುಖ್ಯ ಯಂತ್ರಕ್ಕೆ ಬಂದು ಕೂಡಿ, ಬೋರ್ಡಿನಲ್ಲಿ ಕಾಣಲು ಇನ್ನೂ ಹೊತ್ತು ಹಿಡಿಯುತ್ತದೆ. ದೊಡ್ಡ ಮೊತ್ತ ಹಾಕುವ ಕಂಪ್ಯೂಟರ್ ತಂಡಗಳು ಬೇಕೆಂದೇ ಕೊನೆಯ ಕ್ಷಣಗಳವರೆಗೆ ಕಾಯುತ್ತವೆ. ಬೇಗ ಹಾಕಿದರೆ ಅವರ ಆಯ್ಕೆ ಬೋರ್ಡಿನಲ್ಲಿ ಎಲ್ಲರಿಗೂ ಕಾಣಿಸಿಬಿಡುತ್ತದೆ.

ನಮ್ಮ ಓಟದಲ್ಲಿ ಕೊನೆಯ ಕ್ಷಣ 2ನೇ ಕುದುರೆಯ ಮೇಲೆ 10,000 ಬಿತ್ತೆನ್ನಿ. ಒಟ್ಟು 1,10,000, ನಿವ್ವಳ 90,200, ಆ ಕುದುರೆಯ ಮೇಲೆ 32,000. 3.70 ತೋರಿಸುತ್ತಿದ್ದದ್ದು 2.80ಕ್ಕೆ ಬಿತ್ತು. ಅದೇ ಹೊತ್ತಿಗೆ 3ನೇ ಕುದುರೆ 5.40ರಿಂದ 6.00ಕ್ಕೆ ಏರಿತು. ಏರಿದ್ದಕ್ಕೆ ಯಾರೂ ದೂರು ಕೊಡುವುದಿಲ್ಲ, ಅದು ಬೇರೆ ಮಾತು.

ನಿಜವಾದ ಮೋಸವೂ ನಡೆದದ್ದುಂಟು. 2002ರ ಬ್ರೀಡರ್ಸ್ ಕಪ್‌ನಲ್ಲಿ ಆರು ಓಟಗಳ ವಿಜೇತರನ್ನು ಹೇಳುವ ಬಾಜಿಗೆ ಗೆದ್ದದ್ದು ಒಂದೇ ಖಾತೆಯ ಆರು ಟಿಕೆಟ್‌ಗಳು ಮಾತ್ರ. ಆಗ ಪೂರ್ತಿ ಟಿಕೆಟ್ ವಿವರ ಮುಖ್ಯ ಯಂತ್ರಕ್ಕೆ ಹೋಗುತ್ತಿದ್ದದ್ದು ನಾಲ್ಕು ಓಟ ಮುಗಿದ ಮೇಲೆ. ಆ ಸಂದಿಯಲ್ಲಿ ಟೋಟ್ ಕಂಪನಿಯ ಒಳಗಿನವನೇ ಟಿಕೆಟ್ ತಿದ್ದಿದ್ದ. ಮೊದಲ ನಾಲ್ಕು ಓಟಗಳಿಗೆ ಒಂದೊಂದೇ ಕುದುರೆ, ಕೊನೆಯ ಎರಡಕ್ಕೆ ಮಾತ್ರ ಎಲ್ಲ ಕುದುರೆಗಳು: ಈ ವಿಚಿತ್ರ ಆಕಾರವೇ ಸುಳಿವು ಕೊಟ್ಟಿತು. ಹಣ ತಡೆಹಿಡಿಯಲಾಯಿತು, ಭಾಗಿಗಳಿಗೆ ಶಿಕ್ಷೆಯೂ ಆಯಿತು.

ನನ್ನ ಸ್ವಂತ ಪಣವೇ ಡಿವಿಡೆಂಡ್ ಇಳಿಸುತ್ತದೆಯೇ?

ಖಂಡಿತ. 6ನೇ ಕುದುರೆಗೆ 16.40 ಇದೆಯೆಂದು 2,000 ಹಾಕಿದಿರಿ ಎನ್ನಿ. ನಿವ್ವಳ 83,640, ಕುದುರೆಯ ಮೇಲೆ 7,000, ಡಿವಿಡೆಂಡ್ 11.90. ಪೂಲ್ ಚಿಕ್ಕದಿದ್ದಷ್ಟೂ, ಕುದುರೆಯ ಮೇಲೆ ಹಣ ಕಡಿಮೆಯಿದ್ದಷ್ಟೂ ಈ ಕುಸಿತ ಜೋರು. ಬೋರ್ಡಿನ ಅಂಕಿ ನಿಮ್ಮ ಹಣ ಬೀಳುವುದಕ್ಕೆ ಮುಂಚಿನದು ಎಂಬುದು ನೆನಪಿರಲಿ.

ಒಂದು ಕುದುರೆ ಹಿಂದೆ ಸರಿದರೆ?

ಅದರ ಮೇಲಿನ ಪಣ ಪೂರ್ತಿ ವಾಪಸ್, ಅದಕ್ಕೆ ಕಡಿತವಿಲ್ಲ. ಆದರೆ ಉಳಿದವರ ಡಿವಿಡೆಂಡ್ ಇಳಿಯುತ್ತದೆ, ಏಕೆಂದರೆ ಹಂಚಬಹುದಾಗಿದ್ದ ಸೋತ ಹಣ ಹೊರಗೆ ಹೋಯಿತು. 5ನೇ ಕುದುರೆ ಸರಿದರೆ ಒಟ್ಟು 92,000, ನಿವ್ವಳ 75,440, ಮತ್ತು 3ನೇ ಕುದುರೆಗೆ 5.40ರ ಬದಲು 5.00. ಹಲವು ಓಟಗಳ ಬಾಜಿಯಲ್ಲಿ ವಾಪಸಾತಿಯ ಬದಲು ಆ ಟಿಕೆಟನ್ನು ಫೇವರಿಟ್‌ಗೆ ವರ್ಗಾಯಿಸುವ ನಿಯಮವೂ ಕೆಲವೆಡೆ ಇದೆ. ಟಿಕೆಟ್ ಕೊಳ್ಳುವ ಮೊದಲೇ ಅದನ್ನು ಓದಿಕೊಳ್ಳಿ.

ಡೆಡ್ ಹೀಟ್ ಆದರೆ ಅರ್ಧ ಅರ್ಧವೇ?

ಅದು ಪದ್ಧತಿಯ ಮೇಲಿದೆ. 2 ಮತ್ತು 3 ಸಮ ಸಮ ಬಂದವೆನ್ನಿ. ನಿವ್ವಳ ಸಮಪಾಲು ಮಾಡುವ ಕಡೆ ತಲಾ 41,000, ಅಂದರೆ 2ಕ್ಕೆ 1.80, 3ಕ್ಕೆ 2.70. ಇಲ್ಲಿ ಚಿಲ್ಲರೆ ಬಿಟ್ಟರೆ 'ಅರ್ಧ' ಎಂಬ ಮಾತು ಸರಿ. ಲಾಭ ಹಂಚುವ ಕಡೆ 82,000ದಿಂದ ಇಬ್ಬರ ಪಣ 37,000 ಕಳೆದು 45,000, ತಲಾ 22,500. ಆಗ 2ಕ್ಕೆ 2.00, 3ಕ್ಕೆ 2.50. ಹೆಚ್ಚು ಹಣವಿದ್ದ ಕುದುರೆಗೆ ಈ ಪದ್ಧತಿ ಮೃದು.

ಮೊದಲು ಬಂದ ಕುದುರೆಯನ್ನು ಅನರ್ಹಗೊಳಿಸಿದರೆ?

ಡಿವಿಡೆಂಡ್ ಕಟ್ಟುವುದು ಫಲಿತಾಂಶ ಅಧಿಕೃತವಾದ ಮೇಲೆ. 2019ರ ಕೆಂಟಕಿ ಡರ್ಬಿಯಲ್ಲಿ ಮೊದಲು ಗೆರೆ ದಾಟಿದ್ದು ಮ್ಯಾಕ್ಸಿಮಮ್ ಸೆಕ್ಯೂರಿಟಿ. ಸುಮಾರು 22 ನಿಮಿಷ ಪರಿಶೀಲಿಸಿ ಸ್ಟುವರ್ಡ್‌ಗಳು ಅದನ್ನು ಕೆಳಗಿಳಿಸಿದರು, ಕಂಟ್ರಿ ಹೌಸ್‌ನ 2 ಡಾಲರ್ ಟಿಕೆಟ್‌ಗೆ 132.40 ಸಿಕ್ಕಿತು. ಅಧಿಕೃತ ಎಂದು ಘೋಷಿಸಿದ ಮೇಲೆ ಬರುವ ತೀರ್ಪು, ಉದಾಹರಣೆಗೆ ವಾರಗಳ ನಂತರದ ಮದ್ದು ಪರೀಕ್ಷೆಯ ಫಲ, ಬಹುಮಾನದ ಹಣವನ್ನು ಬದಲಿಸಬಹುದು. ಟೋಟ್ ಹಂಚಿದ ಹಣವನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಅಬ್ಜೆಕ್ಷನ್ ದೀಪ ಉರಿಯುತ್ತಿರುವಾಗ ಸೋತ ಟಿಕೆಟ್ ಹರಿದು ಎಸೆಯಬೇಡಿ.

ಕ್ಯಾರಿಓವರ್ ಇದ್ದ ದಿನ ಪೂಲ್ ನಿಜಕ್ಕೂ ಲಾಭದಾಯಕವೇ?

ಯಾರೂ ಗೆಲ್ಲದ ದೊಡ್ಡ ಬಾಜಿಯ ಹಣ ಮುಂದಿನ ದಿನಕ್ಕೆ ಹೋದಾಗ, ಅದರಿಂದ ಕಡಿತ ಆಗಲೇ ತೆಗೆದಾಗಿರುತ್ತದೆ, ಮತ್ತೆ ತೆಗೆಯುವುದಿಲ್ಲ. 20,000 ಕ್ಯಾರಿಓವರ್ ಇದೆ, ಇಂದು 50,000 ಬಿತ್ತು, ಕಡಿತ 25% ಎನ್ನಿ. ಇಂದಿನದರಲ್ಲಿ 37,500 ಉಳಿದು, ಒಟ್ಟು ಹಂಚುವುದು 57,500. ಇಂದು ಹಾಕಿದವರೆಲ್ಲ ಸೇರಿ ಹಾಕಿದ್ದಕ್ಕಿಂತ ಹೆಚ್ಚು ಪಡೆಯುತ್ತಾರೆ. ಕ್ಯಾರಿಓವರ್ ಇಂದಿನ ಕಡಿತಕ್ಕಿಂತ ದೊಡ್ಡದಿದ್ದರೆ ಹೀಗಾಗುತ್ತದೆ. ಆದರೆ ಸುದ್ದಿ ಹರಡಿ 1,00,000 ಬಿದ್ದರೆ ಕಡಿತವೇ 25,000, ಅನುಕೂಲ ಅಲ್ಲೇ ಮುಗಿಯಿತು. ಗೆದ್ದ ಟಿಕೆಟ್ ಒಂದೇ ಇದ್ದರೆ ಮಾತ್ರ ಪೂರ್ತಿ ಕೊಡುತ್ತೇವೆ ಎಂಬ ಷರತ್ತಿದ್ದರೆ ಈ ಲೆಕ್ಕವೇ ನಡೆಯುವುದಿಲ್ಲ. ಇಂದೇ ಎಲ್ಲವನ್ನೂ ಹಂಚಲೇಬೇಕು ಎಂಬ ದಿನಕ್ಕೆ ಮಾತ್ರ ಅದು ಹೊಂದುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ ನನ್ನ ಅಂಕಿ ಘೋಷಿಸಿದ ಡಿವಿಡೆಂಡ್‌ಗೆ ಹೊಂದುತ್ತಿಲ್ಲ. ಏನು ನೋಡಬೇಕು?

ವ್ಯತ್ಯಾಸ ಎಷ್ಟಿದೆ ಎಂಬುದೇ ಕಾರಣ ಹೇಳುತ್ತದೆ. 0.10ಕ್ಕಿಂತ ಕಡಿಮೆಯಿದ್ದರೆ ಚಿಲ್ಲರೆ ಇಳಿಸಿದ್ದು. ಸರಿಯಾಗಿ 1 ಇದ್ದರೆ ಒಂದು ಕಡೆ ಪಣ ಸೇರಿದೆ, ಇನ್ನೊಂದು ಕಡೆ ಬರೀ ಲಾಭ. ಸರಿಯಾಗಿ ಎರಡು ಅಥವಾ ಹತ್ತು ಪಟ್ಟಿದ್ದರೆ ಘೋಷಣೆ ಒಂದು ಯೂನಿಟ್‌ಗಲ್ಲ, ಬೇರೆ ಅಳತೆಯ ಟಿಕೆಟ್‌ಗೆ. ಕೆಲವೇ ಶೇಕಡಾದಷ್ಟು ಎಲ್ಲ ಕುದುರೆಗಳಿಗೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ, ನೀವು ಹಿಡಿದ ಕಡಿತದ ದರ ಆ ಪೂಲ್‌ನದ್ದಲ್ಲ, ಅಥವಾ ವಾಪಸಾತಿ ಕಳೆಯುವುದನ್ನು ಬಿಟ್ಟಿದ್ದೀರಿ. ಪ್ಲೇಸ್‌ನಲ್ಲಿ ಮಾತ್ರ ದೊಡ್ಡ ತಪ್ಪಿದ್ದರೆ ಹಂಚುವ ಪದ್ಧತಿ ಬೇರೆ.

ಇದ್ಯಾವುದೂ ಅಲ್ಲದಿದ್ದರೆ ಹಲವು ಊರುಗಳ ಪೂಲ್ ಕೂಡಿಸಿದ್ದಾರೋ ನೋಡಿ. ಒಂದೊಂದು ಊರಿನ ಕಡಿತ ಒಂದೊಂದಾಗಿರುವಾಗ, ಪ್ರತಿ ಊರಿನ ಹಣಕ್ಕೂ ಅದರದೇ ಕಡಿತ ತೆಗೆದು, ಉಳಿದದ್ದನ್ನೆಲ್ಲ ಕೂಡಿ ಸಾಮಾನ್ಯ ದರವೊಂದನ್ನು ಕಟ್ಟುತ್ತಾರೆ. ಆಮೇಲೆ ಆ ದರದಿಂದ ಪ್ರತಿ ಊರೂ ತನ್ನ ಕಡಿತದ ಪ್ರಮಾಣಕ್ಕೆ ತಕ್ಕ ಡಿವಿಡೆಂಡ್ ಕೊಡುತ್ತದೆ. ಈ ಪದ್ಧತಿಯಲ್ಲಿ ಒಂದೇ ಕುದುರೆಗೆ, ಒಂದೇ ಓಟದಲ್ಲಿ, ಎರಡು ಊರಿನ ಟಿಕೆಟ್‌ಗಳಿಗೆ ಎರಡು ಬೇರೆ ಮೊತ್ತ ಸಿಕ್ಕರೂ ಎರಡೂ ಸರಿಯೇ. ನಿಮ್ಮ ಟಿಕೆಟ್ ಯಾವ ಕಡೆಯದೋ ಆ ಕಡೆಯ ಕಡಿತದ ದರದಿಂದ ಲೆಕ್ಕವನ್ನು ಮೊದಲಿಂದ ಮಾಡಿ ನೋಡಿ.